ಮೂರು ಪೈಸೆ ಲೆಕ್ಕದಲ್ಲಿ ಸಿಕ್ಕಿಬಿದ್ದ ಐದನೆಯವನು

ವೇದಿಕೆಯ ಮೇಲೆ ನಾಲ್ವರು ನಿಂತಿರುವ ಫೋಟೊ ಒಂದಿದೆ ಎಂದುಕೊಳ್ಳಿ. ಮೊಬೈಲಿನಲ್ಲಿ ತೆಗೆದದ್ದು. ಯಾರೋ ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಬೇರೆ ಚಿತ್ರದಿಂದ ಐದನೆಯವನನ್ನು ಕತ್ತರಿಸಿ ತಂದು ಅಂಟಿಸಿ, ಮತ್ತೆ ಜೆಪೆಗ್ ಫೈಲಾಗಿ ಸೇವ್ ಮಾಡುತ್ತಾರೆ. ನೆರಳು ಸರಿಯಾಗಿದೆ, ಅಂಚು ನಯವಾಗಿದೆ, ಕಣ್ಣಿಗೆ ಏನೂ ಸಿಗುವುದಿಲ್ಲ. ಆದರೆ ಆ ನಾಲ್ವರು ಜೆಪೆಗ್ ಒತ್ತಡಕ್ಕೆ ಎರಡು ಸಲ ಸಿಕ್ಕಿದ್ದಾರೆ. ಐದನೆಯವನ ಅಂಕಿಗಳು ಮಾತ್ರ ಒಂದೇ ಸಲ ಸಿಕ್ಕವನಂತೆ ನಡೆದುಕೊಳ್ಳುತ್ತವೆ.

ಜೆಪೆಗ್ ಚಿತ್ರವನ್ನು ಉದ್ದ 8, ಅಗಲ 8 ಚುಕ್ಕೆಗಳ ಚೌಕಗಳಾಗಿ ಹೋಳು ಮಾಡುತ್ತದೆ. ಪ್ರತಿ ಚೌಕವನ್ನೂ 64 ಅಂಕಿಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಹೇಳಿದರೆ, ಉಳಿದವು ಅದರೊಳಗಿನ ನಿಧಾನದ ಮತ್ತು ಚುರುಕಾದ ಏರಿಳಿತಗಳನ್ನು ಹೇಳುತ್ತವೆ. ಆಮೇಲೆ ಪ್ರತಿ ಅಂಕಿಯನ್ನೂ ಅದಕ್ಕೆಂದೇ ಗೊತ್ತುಮಾಡಿದ ಒಂದು ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಎಳೆದು ಬರೆದಿಡುತ್ತದೆ. ಫೈಲು ಚಿಕ್ಕದಾಗುವುದು, ವಿವರ ಕಳೆದುಹೋಗುವುದು ಮುಖ್ಯವಾಗಿ ಇಲ್ಲಿಯೇ. ಭಾಜಕ ದೊಡ್ಡದಾದಷ್ಟೂ ಗುಣಮಟ್ಟ ಕಡಿಮೆ.

ನಮ್ಮಲ್ಲಿ ಒಂದು ಕಾಲಕ್ಕೆ ಮೂರು ಪೈಸೆಯ ನಾಣ್ಯವೂ ಇತ್ತು, ಹಿರಿಯರಿಗೆ ನೆನಪಿರಬಹುದು. ಅದನ್ನೇ ಇಲ್ಲಿ ಬಳಸಿಕೊಳ್ಳೋಣ. ಒಂದು ಅಂಗಡಿಯಲ್ಲಿ ಐದು ಪೈಸೆ ನಾಣ್ಯ ಬಿಟ್ಟರೆ ಬೇರೆ ಚಿಲ್ಲರೆಯೇ ಇಲ್ಲ. ಅಲ್ಲಿ ಎಲ್ಲ ಮೊತ್ತವೂ 5, 10, 15, 20 ಹೀಗೆ ಹತ್ತಿರದ್ದಕ್ಕೆ ಜರುಗುತ್ತದೆ. ಅಲ್ಲಿಂದ ಹೊರಟ ಹಣ ಎರಡನೆಯ ಅಂಗಡಿಗೆ ಬರುತ್ತದೆ. ಇಲ್ಲಿ ಇರುವುದು ಮೂರು ಪೈಸೆ ನಾಣ್ಯ ಮಾತ್ರ, ಲೆಕ್ಕದ ಪುಸ್ತಕದಲ್ಲಿ ಬರೆಯುವುದು ನಾಣ್ಯಗಳ ಸಂಖ್ಯೆ. 5 ಪೈಸೆಗೆ 2 ನಾಣ್ಯ, 10ಕ್ಕೆ 3, 15ಕ್ಕೆ 5, 20ಕ್ಕೆ 7, 25ಕ್ಕೆ 8, 30ಕ್ಕೆ 10. ಪುಸ್ತಕವನ್ನು ಎಷ್ಟು ತಿರುವಿದರೂ 1, 4, 6, 9 ಎಂಬ ಸಂಖ್ಯೆಗಳು ಸಿಗುವುದಿಲ್ಲ. ಐದು ಪೈಸೆ ಅಂಗಡಿಯ ಮೆಟ್ಟಿಲು ಹತ್ತದೆ ನೇರವಾಗಿ ಇಲ್ಲಿಗೆ ಬಂದವನಾದರೆ 4 ಪೈಸೆಗೆ 1 ನಾಣ್ಯ, 12 ಪೈಸೆಗೆ 4 ನಾಣ್ಯ ಎಂದು ಬರೆಸಿಹೋಗುತ್ತಾನೆ.

ನಾಲ್ವರ ಭಾಗದ ಚೌಕಗಳಿಂದ ಒಂದೇ ಸ್ಥಾನದ ಅಂಕಿಗಳನ್ನು ಆಯ್ದು, ಯಾವುದು ಎಷ್ಟು ಸಲ ಬಂದಿದೆ ಎಂದು ಕಂಬಗಳಾಗಿ ನಿಲ್ಲಿಸಿದರೆ, ಹಲ್ಲು ಬಿದ್ದ ಬಾಚಣಿಗೆಯ ಹಾಗೆ ಇಂಥದೇ ಖಾಲಿ ಜಾಗಗಳು ಕಾಣುತ್ತವೆ. ಪೂರ್ತಿ ಖಾಲಿ ಎಂದಲ್ಲ. ಮೊದಲ ಸಲ ಸೇವ್ ಮಾಡಿದ ಚಿತ್ರವನ್ನು ತೆರೆದಾಗ ಚುಕ್ಕೆಗಳ ಬೆಲೆಯೂ ಪೂರ್ಣಾಂಕಕ್ಕೆ ಜರುಗುವುದರಿಂದ ಒಂದಷ್ಟು ಕಸ ಒಳಗೆ ಸೇರಿರುತ್ತದೆ. 2003ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್‌ನಲ್ಲಿದ್ದ ಯಾನ್ ಲುಕಾಶ್ ಮತ್ತು ಜೆಸ್ಸಿಕಾ ಫ್ರಿಡ್ರಿಚ್ ಈ ಅಂಕಿಗಳ ಗುರುತು ಹಿಡಿದು ಮೊದಲ ಭಾಜಕವನ್ನು ಅಂದಾಜು ಮಾಡುವ ದಾರಿ ತೋರಿಸಿದರು. 2006ರಲ್ಲಿ ಜುನ್‌ಫೆಂಗ್ ಹೆ, ಜೌಚೆನ್ ಲಿನ್ ಮತ್ತು ಸಂಗಡಿಗರು ಅದನ್ನೇ ಚೌಕ ಚೌಕಕ್ಕೂ ಇಳಿಸಿ, ಅಂಟಿಸಿದ ಭಾಗ ಎಲ್ಲಿದೆ ಎಂದು ಹುಡುಕಿದರು.

ಐದನೆಯವನೂ ಜೆಪೆಗ್ ಚಿತ್ರದಿಂದಲೇ ಬಂದವನಲ್ಲವೇ, ಅವನ ಹಳೆಯ ಗುರುತು ಎಲ್ಲಿ ಹೋಯಿತು? ಅವನು ತನ್ನ ಚಿತ್ರದ ಚೌಕಗಳೊಂದಿಗೆ ಬಂದಿದ್ದಾನೆ. ಅಂಟಿಸಿದ ಜಾಗದಲ್ಲಿ ಆ ಚೌಕಗಳು ಹೊಸ ಚಿತ್ರದ ಚೌಕಗಳ ಮೇಲೆ ಕರಾರುವಾಕ್ಕಾಗಿ ಕೂರುವ ಸಂಭವ 64ರಲ್ಲಿ ಒಂದು. ಕೂರದಿದ್ದರೆ, ಹೊಸ ಚೌಕವೊಂದರಲ್ಲಿ ಸಾಮಾನ್ಯವಾಗಿ ಹಳೆಯ ನಾಲ್ಕು ಚೌಕಗಳ ತುಂಡುಗಳು ಬೆರೆತು ಮೊದಲಿನ ಲೆಕ್ಕ ಕಲಸಿಹೋಗುತ್ತದೆ. ಅವನನ್ನು ತುಸು ಹಿಗ್ಗಿಸಿಯೋ ವಾಲಿಸಿಯೋ ಅಂಟಿಸಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಅವನ ಚೌಕಗಳಲ್ಲಿ 1, 4, 6, 9 ಯಥೇಚ್ಛವಾಗಿ ಸಿಗುತ್ತವೆ. ಒಂದು ಚೌಕ ನೋಡಿ ತೀರ್ಪು ಕೊಡುವಂತಿಲ್ಲ. ಹಲವು ಸ್ಥಾನಗಳ ಸಾಕ್ಷ್ಯ ಕೂಡಿಸಿ, ಅಕ್ಕಪಕ್ಕದ ಚೌಕಗಳೂ ಅದನ್ನೇ ಹೇಳುತ್ತವೆಯೇ ಎಂದು ನೋಡಬೇಕು. ಬೋಳು ಆಕಾಶ, ಬಿಳಿ ಗೋಡೆಯಂಥ ಕಡೆ ಹೆಚ್ಚಿನ ಅಂಕಿಗಳು ಸೊನ್ನೆಯೇ ಆಗಿರುವುದರಿಂದ ಅಲ್ಲಿ ಸಾಕ್ಷಿ ಬಾಯಿ ಬಿಡುವುದಿಲ್ಲ.

ಈಗ ಅಂಗಡಿಗಳನ್ನು ಅದಲು ಬದಲು ಮಾಡಿ. ಮೊದಲು ಮೂರು ಪೈಸೆಯದು, ಆಮೇಲೆ ಐದರದು. 3 ಮತ್ತು 6 ಪೈಸೆ ಎರಡಕ್ಕೂ 1 ನಾಣ್ಯ, 9 ಮತ್ತು 12ಕ್ಕೆ 2 ನಾಣ್ಯ, ಆದರೆ 3 ನಾಣ್ಯ ಬರುವುದು 15 ಪೈಸೆಗೆ ಮಾತ್ರ. ಖಾಲಿ ಜಾಗಗಳೇ ಇಲ್ಲ, ಕಂಬಗಳು ಏರುಪೇರಾಗಿರುತ್ತವೆ ಅಷ್ಟೆ. ಎರಡನೆಯ ಭಾಜಕ ಇನ್ನೂ ದೊಡ್ಡದಾದರೆ ಆ ಏರುಪೇರೂ ಅಳಿಸಿಹೋಗುತ್ತದೆ. ಎರಡೂ ಸಲ ಭಾಜಕ ಒಂದೇ ಆಗಿದ್ದರೆ ಹಿಡಿಯಲು ಇಲ್ಲಿ ಏನೂ ಉಳಿಯುವುದಿಲ್ಲ. ಅಂದರೆ ಒಳ್ಳೆಯ ಗುಣಮಟ್ಟದಲ್ಲಿ ಸೇವ್ ಮಾಡಿದ ಮೋಸಗಾರನೇ ಸುಲಭವಾಗಿ ಸಿಕ್ಕಿಬೀಳುತ್ತಾನೆ.

ಸಿಕ್ಕಿದ್ದೆಲ್ಲ ಮೋಸವೂ ಅಲ್ಲ. ಮಗುವಿನ ಗುರುತು ಸಿಗದಿರಲೆಂದು ಮುಖ ಮಸುಕುಮಾಡಿದ ಜಾಗವೂ ಇದೇ ರೀತಿ ಎದ್ದು ಕಾಣುತ್ತದೆ. ಇಡೀ ಚಿತ್ರ ಎರಡು ಸಲ ಸೇವ್ ಆಗಿದ್ದರೆ ಅದು ಯಾರೋ ಬೆಳಕು ಹೆಚ್ಚಿಸಿದ್ದರ ಗುರುತಷ್ಟೇ ಇರಬಹುದು. ಮುಖ್ಯವಾದದ್ದು ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ.

ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದರೆ ಈ ಪರೀಕ್ಷೆ ಬಹುಪಾಲು ಸೋಲುತ್ತದೆ. ದೊಡ್ಡ ಚಿತ್ರವನ್ನು ಅದು ಕುಗ್ಗಿಸಿ ಮತ್ತೆ ಒತ್ತುತ್ತದೆ. ಕುಗ್ಗಿಸಿದಾಗ ಹಳೆಯ ಚೌಕಗಳ ಗೆರೆಗಳೇ ಮಾಯವಾಗಿ, ನಾಲ್ವರೂ ಐದನೆಯವನೂ ಒಂದೇ ಲೆಕ್ಕಕ್ಕೆ ಬರುತ್ತಾರೆ. ಪರೀಕ್ಷಿಸುವವರು ಫಾರ್ವರ್ಡ್ ಬದಿಗಿಟ್ಟು, ಮೊದಲು ಹಾಕಿದವರ ಬಳಿ ಇರುವ ಫೈಲನ್ನೇ ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಕೇಳುವುದು ಇದಕ್ಕೇ.