ನಿಮಗಿದು ಗೊತ್ತೇ? ಹೊಸೂರಿಗೆ ಒಂದೇ ಬಾಟಲಿ ಉಪ್ಪಿನಕಾಯಿ ಕಳಿಸಿದರೂ ಜಿಎಸ್‌ಟಿ ನೋಂದಣಿ ಬೇಕು!

ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಹೊರಟವರ ಮೊದಲ ಪ್ರಶ್ನೆ: ಜಿಎಸ್‌ಟಿ ನಂಬರ್ ಬೇಕೇ, ಬೇಡವೇ? ವ್ಯಾಪಾರ ಎಷ್ಟು ಎಂಬುದರ ಜೊತೆಗೆ, ಏನು ಮಾರುತ್ತೀರಿ, ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು.

● ಹಳೆಯ ನಿಯಮ ಸಡಿಲವಾಗಿದೆ
ಆನ್‌ಲೈನ್ ಮಾರುಕಟ್ಟೆಯಲ್ಲಿ ತೆರಿಗೆ ಬೀಳುವ ಸರಕು ಮಾರುವವರು ನೂರು ರೂಪಾಯಿ ವ್ಯಾಪಾರ ಮಾಡಿದರೂ ಮೊದಲು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಸಿಕ್ಕಿದೆ. ಷರತ್ತು ಇಷ್ಟೆ: ವಹಿವಾಟು ಮಿತಿಯೊಳಗಿರಬೇಕು, ಮಾರಾಟ ಸ್ವಂತ ರಾಜ್ಯದೊಳಗೇ ನಡೆಯಬೇಕು.

● ವಿನಾಯಿತಿ ತಾನಾಗಿಯೇ ಬರುವುದಿಲ್ಲ
ಮಾರಲು ಶುರು ಮಾಡುವ ಮೊದಲೇ gst.gov.in ತಾಣದಲ್ಲಿ ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಇದು ಜಿಎಸ್‌ಟಿ ನಂಬರ್ ಅಲ್ಲ. ರಿಟರ್ನ್ ಸಲ್ಲಿಸುವ ಗೋಜಿಲ್ಲ, ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಈ ನಂಬರ್ ಒಂದು ರಾಜ್ಯಕ್ಕಷ್ಟೇ ಸಿಗುತ್ತದೆ. ಕಾನೂನು ಒಪ್ಪಿದರೂ ಕೆಲವು ಕಂಪನಿಗಳು ತಮ್ಮದೇ ನಿಯಮದಂತೆ ಜಿಎಸ್‌ಟಿ ನಂಬರ್ ಕೇಳಬಹುದು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

● ಗಡಿ ದಾಟಿದರೆ ಮಿತಿಯ ಮಾತೇ ಇಲ್ಲ
ಬೆಂಗಳೂರಿನಿಂದ ಬೀದರ್‌ಗೆ ಪಾರ್ಸೆಲ್ ಹೋದರೆ ಅದು ರಾಜ್ಯದೊಳಗಿನ ಮಾರಾಟ. ಪಕ್ಕದ ಹೊಸೂರಿಗೆ ಹೋದರೆ ಅಂತರರಾಜ್ಯ ಮಾರಾಟ! ಎನ್‌ರೋಲ್‌ಮೆಂಟ್ ನಂಬರ್ ಇದ್ದವರಿಗೆ ಹೊರರಾಜ್ಯದ ಆರ್ಡರ್ ಬಾರದಂತೆ ಮಾರುಕಟ್ಟೆ ಕಂಪನಿಯೇ ತಡೆಯಬೇಕು. ಆದರೆ ಹೊಸೂರಿನ ಗ್ರಾಹಕಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ನೀವು ಕೊರಿಯರ್ ಮಾಡಿದರೆ ತಡೆಯುವವರಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಉಪ್ಪಿನಕಾಯಿಯಂಥ ತೆರಿಗೆ ಬೀಳುವ ತಿನಿಸನ್ನು ಹೊರರಾಜ್ಯಕ್ಕೆ ಕಳಿಸುವವರು ನೋಂದಣಿ ಮಾಡಿಸಿಯೇ ಕಳಿಸಬೇಕು.

● ಹಪ್ಪಳಕ್ಕೆ ತೆರಿಗೆಯೇ ಇಲ್ಲ
ಹಪ್ಪಳದ ಮೇಲೆ ಜಿಎಸ್‌ಟಿ ಸೊನ್ನೆ. ಬರೀ ಹಪ್ಪಳ ಮಾರುವವರಿಗೆ ಕಾನೂನಿನ ಪ್ರಕಾರ ನೋಂದಣಿಯೇ ಬೇಕಿಲ್ಲ, ಪಾರ್ಸೆಲ್ ಹೊಸೂರಿಗೆ ಹೋದರೂ ಸರಿ. ಆದರೆ ಅದೇ ಅಂಗಡಿಯಲ್ಲಿ ಉಪ್ಪಿನಕಾಯಿ ಇಟ್ಟ ದಿನವೇ ಈ ಅನುಕೂಲ ಕೈತಪ್ಪುತ್ತದೆ.

● ಲೆಕ್ಕಕ್ಕೆ ಬಾಡಿಗೆಯೂ ಸೇರುತ್ತದೆ
ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಗೃಹಿಣಿಯೊಬ್ಬರಿದ್ದಾರೆ ಎಂದುಕೊಳ್ಳಿ. ವರ್ಷಕ್ಕೆ ಊರಿನಲ್ಲಿ 6 ಲಕ್ಷ, ಆನ್‌ಲೈನ್‌ನಲ್ಲಿ 5 ಲಕ್ಷ ರೂಪಾಯಿಯ ಉಪ್ಪಿನಕಾಯಿ ಮಾರುತ್ತಾರೆ. ಹಪ್ಪಳದ ವ್ಯಾಪಾರ 3 ಲಕ್ಷ. ಮಹಡಿ ಮನೆಯ ಬಾಡಿಗೆ 1.2 ಲಕ್ಷ. ಆನ್‌ಲೈನ್‌ನ 5 ಲಕ್ಷ ಮಾತ್ರವಲ್ಲ, ತೆರಿಗೆಯಿಲ್ಲದ ಹಪ್ಪಳ, ಬಾಡಿಗೆ ಎಲ್ಲವೂ ಒಂದೇ ಪ್ಯಾನ್‌ನಡಿ ಸೇರಿ ವಹಿವಾಟು 15.2 ಲಕ್ಷ ಆಗುತ್ತದೆ. ಇದು 20 ಲಕ್ಷದ ಮಿತಿಯೊಳಗಿರುವುದರಿಂದ, ಮಾರಾಟ ರಾಜ್ಯದೊಳಗೇ ಇದ್ದರೆ ಇವರಿಗೆ ಎನ್‌ರೋಲ್‌ಮೆಂಟ್ ನಂಬರ್ ಸಾಕು.

● 20 ಲಕ್ಷವೋ, 40 ಲಕ್ಷವೋ?
ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ 40 ಲಕ್ಷದ ಮಿತಿ ಇದೆಯೆಂದು ಕೇಳಿರುತ್ತೀರಿ. ಅದು ಬಂದಿದ್ದು 2019ರ ಬೇರೊಂದು ಅಧಿಸೂಚನೆಯಿಂದ. ಆನ್‌ಲೈನ್ ವಿನಾಯಿತಿ ಹೇಳುವುದು ಕಾಯ್ದೆಯ 22ನೇ ಸೆಕ್ಷನ್ನಿನ ಮಿತಿಯನ್ನು. ಅಲ್ಲಿರುವುದು 20 ಲಕ್ಷ. ಹಾಗಾಗಿ 20 ಲಕ್ಷದೊಳಗಿದ್ದರೆ ತಕರಾರಿಲ್ಲ. ಅದನ್ನು ದಾಟುವ ಸೂಚನೆ ಕಂಡಾಗಲೇ ಲೆಕ್ಕಪರಿಶೋಧಕರನ್ನು ಕೇಳಿಬಿಡಿ.

● ಸ್ವಂತ ವೆಬ್‌ಸೈಟ್‌ನ ದಾರಿ ಬೇರೆ
ನಿಮ್ಮ ಸರಕನ್ನು ನಿಮ್ಮದೇ ವೆಬ್‌ಸೈಟ್‌ನಲ್ಲಿ ರಾಜ್ಯದೊಳಗೆ ಮಾರಿದರೆ ಅದು ಅಂಗಡಿ ವ್ಯಾಪಾರದಂತೆಯೇ. ಎನ್‌ರೋಲ್‌ಮೆಂಟ್ ನಂಬರ್ ಬೇಕಿಲ್ಲ, ಮಾಮೂಲಿ ಮಿತಿಯೇ ಅನ್ವಯ. ಗಡಿಯ ನಿಯಮ ಮಾತ್ರ ಇಲ್ಲಿಯೂ ಬಿಡದು.

● ನೋಂದಣಿಯಾದ ಮೇಲೆ ಊರಿನ ಮಾರಾಟಕ್ಕೂ ತೆರಿಗೆ
ಹೊಸೂರಿನ ಗ್ರಾಹಕರಿಗಾಗಿ ಸಾಗರದ ಗೃಹಿಣಿ ಜಿಎಸ್‌ಟಿ ನಂಬರ್ ಪಡೆದರೆ, ಪಕ್ಕದ ಬೀದಿಯಲ್ಲಿ ಮಾರುವ ಉಪ್ಪಿನಕಾಯಿಗೂ ತೆರಿಗೆ ಕಟ್ಟಬೇಕು. ಮಾರುಕಟ್ಟೆ ಕಂಪನಿ ತೆರಿಗೆ ಬೀಳುವ ಮಾರಾಟದ ಮೇಲೆ ಶೇಕಡಾ 0.5ರಷ್ಟು ಹಿಡಿದುಕೊಳ್ಳುತ್ತದೆ. ಅದು ನಷ್ಟವಲ್ಲ, ಜಿಎಸ್‌ಟಿ ಖಾತೆಯಲ್ಲಿ ನಿಮ್ಮ ಹೆಸರಿಗೇ ಜಮಾ ಆಗುತ್ತದೆ. ಮಾರಾಟವೇ ಇಲ್ಲದ ಅವಧಿಗೂ ರಿಟರ್ನ್ ಸಲ್ಲಿಸಬೇಕು. ಮರೆತರೆ ಜಿಎಸ್‌ಟಿಆರ್-3ಬಿಗೆ ದಿನಕ್ಕೆ 20 ರೂಪಾಯಿ ದಂಡ. ಆದ್ದರಿಂದ ಹೊರರಾಜ್ಯದಿಂದ ವರ್ಷಕ್ಕೆ ನಾಲ್ಕೇ ಆರ್ಡರ್ ಬರುವುದಾದರೆ, ಅವುಗಳ ಲಾಭ ಈ ಖರ್ಚು ಮತ್ತು ಓಡಾಟಕ್ಕೆ ಸಾಲುತ್ತದೆಯೇ ಎಂದು ಮೊದಲು ಲೆಕ್ಕ ಹಾಕಿ.