ಗೋಡೆ ಹತ್ತದೆ ಹೊರಬಿದ್ದ ಕಣ

ಹಿಂದೆ ಯಕ್ಷಗಾನದ ರಂಗಸ್ಥಳಕ್ಕೂ ಮದುವೆ ಚಪ್ಪರಕ್ಕೂ ಬೆಳಕು ಕೊಡುತ್ತಿದ್ದ ಗ್ಯಾಸ್‌ಲೈಟುಗಳ ಮ್ಯಾಂಟಲ್‌ನಲ್ಲಿ ಥೋರಿಯಂ ಇರುತ್ತಿತ್ತು. ಅದು ವಿಕಿರಣಶೀಲ ಧಾತು, ಆದರೆ ಬಲು ನಿಧಾನಿ. ಇಟ್ಟ ಥೋರಿಯಂನಲ್ಲಿ ಅರ್ಧದಷ್ಟು ಕ್ಷಯಿಸಲು, ಅಂದರೆ ಅದರ ಅರ್ಧಾಯು ಮುಗಿಯಲು, ಸುಮಾರು 1,400 ಕೋಟಿ ವರ್ಷ ಬೇಕು. ವಿಶ್ವಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಥೋರಿಯಂ-232ರ ನ್ಯೂಕ್ಲಿಯಸ್ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಆಲ್ಫಾ ಕಣವೊಂದನ್ನು ಉಗುಳಿ ರೇಡಿಯಂ ಆಗುತ್ತದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಈ ಇಳಿಜಾರಿನ ಕೊನೆಯಲ್ಲಿ ಸಿಗುವ ಪೊಲೋನಿಯಂ-212 ಕೂಡ ಆಲ್ಫಾ ಕಣವನ್ನೇ ಉಗುಳುತ್ತದೆ. ಅದರ ಅರ್ಧಾಯು ಮಾತ್ರ ಒಂದು ಸೆಕೆಂಡಿನ ಕೋಟಿ ಪಾಲಿನಲ್ಲಿ ಮೂರು ಪಾಲು. ಒಂದೇ ವಂಶ, ಒಂದೇ ಬಗೆಯ ಕ್ಷಯ. ಆಯುಷ್ಯದಲ್ಲಿ 1ರ ಮುಂದೆ 24 ಸೊನ್ನೆ ಹಾಕುವಷ್ಟು ಅಂತರ. ಇಷ್ಟಾಗಿಯೂ ಹೊರಬರುವ ಶಕ್ತಿಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಥೋರಿಯಂನದು ಸುಮಾರು 4 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಪೊಲೋನಿಯಂನದು ಸುಮಾರು 9. ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ.

ಶಕ್ತಿ ಹೆಚ್ಚಿದಷ್ಟೂ ಆಯುಷ್ಯ ಕಡಿಮೆ ಎಂಬುದನ್ನು ಗೈಗರ್ ಮತ್ತು ನಟಾಲ್ 1911ರಲ್ಲೇ ಗುರುತಿಸಿದ್ದರು. ಆಲ್ಫಾ ಕಣ ಗಾಳಿಯಲ್ಲಿ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬುದರಿಂದ ಅದರ ಶಕ್ತಿಯನ್ನು ಅಳೆಯುತ್ತಿದ್ದ ಕಾಲವದು. ನಿಯಮ ಸಿಕ್ಕಿತು, ಕಾರಣ ಸಿಗಲಿಲ್ಲ. ಮುಂದೆ ರುದರ್‌ಫೋರ್ಡ್ ಇನ್ನೊಂದು ತೊಡಕನ್ನು ಎತ್ತಿ ತೋರಿಸಿದರು. ಯುರೇನಿಯಂನಿಂದ ಹೊರಬರುವ ಕಣಕ್ಕಿಂತ ಬಹಳ ಹೆಚ್ಚು ಶಕ್ತಿಯ ಆಲ್ಫಾ ಕಣಗಳನ್ನು ಹೊರಗಿನಿಂದ ಯುರೇನಿಯಂ ಮೇಲೆ ಹಾಯಿಸಿದರೂ ಅವು ಒಳಹೊಗದೆ ಚೆದುರಿಹೋಗುತ್ತಿದ್ದವು. ಧನ ವಿದ್ಯುತ್ತಿನ ಕಣವನ್ನು ಧನ ವಿದ್ಯುತ್ತಿನ ನ್ಯೂಕ್ಲಿಯಸ್ ದೂರ ತಳ್ಳುತ್ತದೆ. ಆ ವಿಕರ್ಷಣೆಯೇ ಗೋಡೆ. ಹೆಚ್ಚು ಶಕ್ತಿಯ ಕಣಕ್ಕೇ ಒಳಗೆ ಹೋಗಲಾಗದ ಗೋಡೆಯನ್ನು ಕಡಿಮೆ ಶಕ್ತಿಯ ಕಣ ದಾಟಿ ಹೊರಬಂದದ್ದಾದರೂ ಹೇಗೆ?

1928ರಲ್ಲಿ ಜರ್ಮನಿಯ ಗಟಿಂಗೆನ್‌ಗೆ ಬಂದಿದ್ದ ರಷ್ಯಾದ ತರುಣ ಜಾರ್ಜ್ ಗ್ಯಾಮೋವ್ ಉತ್ತರ ಕೊಟ್ಟರು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಗರ್ನಿ ಮತ್ತು ಕಾಂಡನ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಕಣ ಗೋಡೆಯನ್ನು ಹತ್ತುವುದೇ ಇಲ್ಲ. ಕ್ವಾಂಟಂ ಲೆಕ್ಕದಲ್ಲಿ ಅದಕ್ಕೊಂದು ಅಲೆಯ ರೂಪವಿದೆ. ಆ ಅಲೆ ಗೋಡೆಯೊಳಗೆ ಸಾಗಿದಂತೆ ಬೇಗಬೇಗ ಕ್ಷೀಣಿಸುತ್ತದೆ, ಪೂರ್ತಿ ಸೊನ್ನೆಯಾಗುವುದಿಲ್ಲ. ಆಚೆ ಬದಿಯಲ್ಲಿ ಉಳಿದ ಆ ಚೂರೇ ಕಣ ಹೊರಗೆ ಕಾಣಿಸಿಕೊಳ್ಳುವ ಸಂಭವ.

ಈಗ ಲೆಕ್ಕ. ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫರ್ಮಿ. ಎರಡೂ ಧಾತುಗಳಲ್ಲಿ ಗೋಡೆ ಶುರುವಾಗುವುದು ಕೇಂದ್ರದಿಂದ ಸುಮಾರು 9 ಫರ್ಮಿ ದೂರದಲ್ಲಿ. ಅಲ್ಲಿ ಅದರ ಎತ್ತರ 26-27 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಮುಂದಕ್ಕೆ ಗೋಡೆ ಇಳಿಯುತ್ತಾ ಹೋಗುತ್ತದೆ. 9ರ ಶಕ್ತಿಯ ಪೊಲೋನಿಯಂ ಕಣದ ಮಟ್ಟಕ್ಕೆ ಅದು ಇಳಿಯುವುದು 26 ಫರ್ಮಿಯ ಬಳಿ, 4ರ ಶಕ್ತಿಯ ಥೋರಿಯಂ ಕಣದ ಮಟ್ಟಕ್ಕೆ 62 ಫರ್ಮಿಯ ಬಳಿ. ಹಾಗಾಗಿ ಒಂದಕ್ಕೆ 17 ಫರ್ಮಿ ದಪ್ಪದ ಗೋಡೆ, ಇನ್ನೊಂದಕ್ಕೆ 53. ಥೋರಿಯಂ ಕಣ ತಗ್ಗಿನಲ್ಲಿರುವುದರಿಂದ ಅದರ ಮೇಲಿನ ಗೋಡೆಯೂ ಹೆಚ್ಚು ಎತ್ತರ.

ಚಕ್ರಬಡ್ಡಿ ಬೆಳೆಯುವ ಬಗೆಯಲ್ಲೇ ಇಲ್ಲಿ ಸಂಭವ ಕರಗುತ್ತದೆ: ದಾಟಬೇಕಾದ ಪ್ರತಿ ಪದರವೂ ಉಳಿದದ್ದನ್ನು ಮತ್ತೆ ಭಾಗಿಸುತ್ತದೆ. ಕಣ ಒಳಗೆ ಓಡಾಡುತ್ತಾ ಸೆಕೆಂಡಿಗೆ ಸುಮಾರು 10<sup>21</sup> ಬಾರಿ ಗೋಡೆಗೆ ಬಡಿಯುತ್ತದೆ ಎನ್ನಿ. ಪೊಲೋನಿಯಂನಲ್ಲಿ ಸುಮಾರು 10<sup>14</sup> ಬಡಿತಕ್ಕೆ ಒಂದು ಫಲಿಸುತ್ತದೆ; ಸೆಕೆಂಡಿನ ಕೋಟಿಯ ಒಂದು ಪಾಲಿನ ಆಸುಪಾಸಿನಲ್ಲಿ ಕಣ ಹೊರಗೆ. ಥೋರಿಯಂನಲ್ಲಿ ಹೆಚ್ಚುಕಡಿಮೆ 10<sup>39</sup> ಬಡಿತಕ್ಕೆ ಒಂದು. ಕಾಯಬೇಕಾದದ್ದು ಸಾವಿರಾರು ಕೋಟಿ ವರ್ಷ. ಇಂಥ ಒರಟು ಲೆಕ್ಕವೂ ಅಳತೆಗೆ ಇಷ್ಟು ಸಮೀಪ ಬರುವುದು ನನಗೆ ಈಗಲೂ ಬೆರಗು.

ಅಷ್ಟು ವರ್ಷ ಯಾರು ಕಾದು ನೋಡಿದರು ಎಂದು ಕೇಳಬಹುದು. ಕಾಯಬೇಕಿಲ್ಲ, ಎಣಿಸಿದರೆ ಸಾಕು. ಒಂದು ಗ್ರಾಂ ಥೋರಿಯಂ-232ರಲ್ಲಿ ಅಸಂಖ್ಯ ಪರಮಾಣುಗಳಿರುವುದರಿಂದ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಕ್ಷಯಿಸುತ್ತಲೇ ಇರುತ್ತವೆ. ಪೊಲೋನಿಯಂಗೆ ಬೇರೆ ಉಪಾಯ. ಅದರ ತಾಯಿಯಾದ ಬಿಸ್ಮತ್-212 ಎಲೆಕ್ಟ್ರಾನ್ ಹೊರಹಾಕಿದ ಕ್ಷಣವೇ ಪೊಲೋನಿಯಂನ ಜನನ. ಅದಕ್ಕೂ ಹಿಂದೆಯೇ ಬರುವ ಆಲ್ಫಾಕ್ಕೂ ನಡುವಿನ ಬಿಡುವನ್ನು ಉಪಕರಣಗಳು ಮತ್ತೆ ಮತ್ತೆ ಅಳೆಯುತ್ತವೆ.

ಈ ಲೆಕ್ಕ ಎಲ್ಲ ಕಡೆಯೂ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಆಲ್ಫಾ ಕಣ ನ್ಯೂಕ್ಲಿಯಸ್ಸಿನೊಳಗೆ ಮೊದಲೇ ಸಿದ್ಧವಾಗಿ ಕೂತಿರುತ್ತದೆ ಎಂದು ಅದು ಭಾವಿಸುತ್ತದೆ. ನಿಜದಲ್ಲಿ ನಾಲ್ಕು ಕಣಗಳು ಮೊದಲು ಒಂದುಗೂಡಬೇಕು. ಪ್ರೋಟಾನ್ ಅಥವಾ ನ್ಯೂಟ್ರಾನ್ ಬೆಸ ಸಂಖ್ಯೆಯಲ್ಲಿದ್ದರೆ ಜೋಡಿಯಿಲ್ಲದ ಕಣವೊಂದು ಉಳಿದು ಈ ಕೂಡುವಿಕೆಗೆ ಅಡ್ಡಿಯಾಗುತ್ತದೆ. ಯುರೇನಿಯಂ-235ರಂಥ ನ್ಯೂಕ್ಲಿಯಸ್ಸುಗಳು ಗೋಡೆಯ ಲೆಕ್ಕ ಹೇಳುವುದಕ್ಕಿಂತ ನಿಧಾನವಾಗಿ ಕ್ಷಯಿಸಲು ಇದೂ ಒಂದು ಕಾರಣ.