ಸೋಮವಾರದ ಸ್ಟೇಟಸ್ ಮೀಟಿಂಗ್ ಡಾಕ್ಯುಮೆಂಟ್‌ನಲ್ಲೇ ಮುಗಿಯಲಿ

ಸೋಮವಾರ ಬೆಳಿಗ್ಗೆ ಸ್ಟೇಟಸ್ ಮೀಟಿಂಗ್. ಎಂಟು ಜನ, ಒಂದು ಗಂಟೆ. ಒಬ್ಬರು ಹೇಳ್ತಾರೆ, ಉಳಿದ ಏಳು ಜನ ಕೇಳ್ತಾರೆ. ಒಟ್ಟು ಸೇರಿಸಿದ್ರೆ ಒಬ್ಬರ ಇಡೀ ದಿನದ ಕೆಲಸದಷ್ಟು ಹೊತ್ತು ಹೋಯ್ತು.

ಇನ್ವೈಟ್ ಬಂದಾಗ ನೋಡಿ: ಇಲ್ಲಿ ಏನಾದ್ರೂ ತೀರ್ಮಾನ ಆಗಬೇಕಾ? ಬರೀ ವಿಷಯ ತಿಳಿಸೋದಾದ್ರೆ, ಓದಿದ್ರೆ ಸಾಕು.

ಆದ್ರೆ "ಈ ಮೀಟಿಂಗ್ ಬೇಕಾ?" ಅಂತ ರಿಪ್ಲೈ ಆಲ್ ಮಾಡ್ಬೇಡಿ, ಕರೆದವರಿಗೆ ಮುಜುಗರ ಆಗುತ್ತೆ. ಅವರೊಬ್ಬರಿಗೇ ಬರೀರಿ:

"ಮೇಡಂ, ಈ ಸಲ ಅಪ್‌ಡೇಟ್ ಮಾತ್ರ ಇದ್ರೆ ನಾನೇ ಒಂದು ಶೇರ್ಡ್ ಡಾಕ್ಯುಮೆಂಟ್ ಮಾಡ್ತೀನಿ. ಶುಕ್ರವಾರ ಸಂಜೆಯೊಳಗೆ ಎಲ್ಲರೂ ತುಂಬಲಿ. ಚರ್ಚೆ ಬೇಕಾದದ್ದು ಉಳಿದ್ರೆ ಸೋಮವಾರ ಹದಿನೈದು ನಿಮಿಷ ಕೂರೋಣ. ಎರಡು ವಾರ ಹೀಗೆ ಮಾಡಿ ನೋಡೋಣವಾ?"

ಡಾಕ್ಯುಮೆಂಟ್‌ನಲ್ಲಿ ಒಬ್ಬೊಬ್ಬರಿಗೆ ಮೂರೇ ಸಾಲು: ಏನು ಮುಗೀತು, ಏನು ನಿಂತಿದೆ, ಯಾರಿಂದ ಏನು ಬೇಕು. ಆ ಮೂರನೇ ಸಾಲಲ್ಲಿ ಹೆಸರು ಹಾಕ್ಲೇಬೇಕು, ಇಲ್ಲಾಂದ್ರೆ ಬೇರೆ ಯಾರೋ ನೋಡ್ಕೋತಾರೆ ಅಂತ ಎಲ್ಲರೂ ಸುಮ್ಮನಾಗ್ತಾರೆ.

ಒಂದೇ ಸಾಲಿಗೆ ಕಾಮೆಂಟ್ ಮೇಲೆ ಕಾಮೆಂಟ್ ಬೀಳ್ತಿದ್ಯಾ? ಅದು ಮಾತಾಡಿಯೇ ಬಗೆಹರಿಯೋ ವಿಷಯ, ಫೋನ್ ಮಾಡಿ. ಇನ್ನು ಒಬ್ಬರ ಕೆಲಸಕ್ಕೇ ಕುತ್ತು ಬರೋ ಸುದ್ದಿಯನ್ನ ಮೇಲ್‌ನಲ್ಲಿ ಕಳಿಸ್ಬೇಡಿ, ಎದುರು ಕೂತೇ ಹೇಳಿ.